ಪಿಟಿ, ಎಪಿಟಿಟಿ ಎರಡೂ ನಾರ್ಮಲ್, ಆದರೂ ರಕ್ತ ಯಾಕೆ ನಿಲ್ಲುತ್ತಿಲ್ಲ?

ಓದುಗರ ಪ್ರಶ್ನೆ: ನನ್ನ ತಂಗಿಗೆ ಹಲ್ಲು ಕಿತ್ತಿಸಿದಾಗ ಮಾರನೇ ದಿನವೂ ರಕ್ತ ಒಸರುತ್ತಲೇ ಇತ್ತು. ಮುಟ್ಟಿನಲ್ಲಿ ಮೊದಲಿನಿಂದಲೂ ಜಾಸ್ತಿ ಹೋಗುತ್ತದೆ. ಹೆರಿಗೆ ಆದ ಮೇಲೆ ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಈಗ ಗರ್ಭಕೋಶದ ಗಡ್ಡೆಗೆ ಆಪರೇಷನ್ ಹೇಳಿದ್ದಾರೆ. ಪ್ಲೇಟ್‌ಲೆಟ್, ಪಿಟಿ, ಎಪಿಟಿಟಿ ಎಲ್ಲ ನಾರ್ಮಲ್ ಬಂದಿದೆ. ಆದರೂ ಡಾಕ್ಟರು ಥ್ರಾಂಬಿನ್ ಟೈಮ್, ಫೈಬ್ರಿನೋಜನ್ ಅಂತ ಇನ್ನೆರಡು ಟೆಸ್ಟ್ ಬರೆದಿದ್ದಾರೆ. ಎಲ್ಲ ಸರಿ ಇದ್ದ ಮೇಲೆ ಇವು ಯಾಕೆ?

ಉತ್ತರ: ಡಾಕ್ಟರು ಸುಮ್ನೆ ಬರೆದಿಲ್ಲ. ಪಿಟಿ, ಎಪಿಟಿಟಿ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕು ಅಂತ ನೋಡುವ ಎರಡು ಟೆಸ್ಟ್‌ಗಳು. ಪಿಟಿ, ಎಪಿಟಿಟಿ ನಾರ್ಮಲ್ ಅಂದರೆ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಪೂರ್ತಿ ಸರಿ ಇದೆ ಅಂತ ಅರ್ಥ ಅಲ್ಲ. ಆ ಎರಡು ಟೆಸ್ಟ್‌ಗಳ ಕಣ್ಣಿಗೆ ಬೀಳದ ಒಂದು ಜಾಗ ಇದೆ. ಅದು ಕೊನೆಯ ಹೆಜ್ಜೆ, ಅಂದರೆ ಫೈಬ್ರಿನೋಜನ್.

ಗಾಯ ಆದಾಗ ರಕ್ತದಲ್ಲಿನ ಹಲವು ಫ್ಯಾಕ್ಟರ್‌ಗಳು, ಅಂದರೆ ಹೆಪ್ಪುಗಟ್ಟಿಸುವ ಪ್ರೋಟೀನುಗಳು, ಒಂದರ ನಂತರ ಒಂದು ಕೆಲಸ ಶುರು ಮಾಡುತ್ತವೆ. ಅವೆಲ್ಲ ಸೇರಿ ಕೊನೆಗೆ ಥ್ರಾಂಬಿನ್ ಅನ್ನುವ ಕಿಣ್ವವನ್ನು ತಯಾರು ಮಾಡುತ್ತವೆ. ಥ್ರಾಂಬಿನ್ ಮಾಡುವ ಮುಖ್ಯ ಕೆಲಸ, ರಕ್ತದಲ್ಲಿ ಕರಗಿಕೊಂಡಿರುವ ಫೈಬ್ರಿನೋಜನ್ ಅನ್ನುವ ಪ್ರೋಟೀನಿನ ತುದಿಯಿಂದ ಎರಡು ಬಗೆಯ ಚಿಕ್ಕ ತುಂಡುಗಳನ್ನು ಕತ್ತರಿಸುವುದು. ಕತ್ತರಿಸಿದ ಕೂಡಲೇ ಆ ಅಣುಗಳು ಒಂದಕ್ಕೊಂದು ಅಂಟಿಕೊಂಡು ಎಳೆಗಳಾಗುತ್ತವೆ, ಎಳೆಗಳು ಸೇರಿ ಬಲೆಯಾಗುತ್ತವೆ. ಆ ಬಲೆಯೇ ಫೈಬ್ರಿನ್, ನಾವು ಕಾಣುವ ಗಟ್ಟಿ ಹೆಪ್ಪು. ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಹಿಡಿದುಕೊಳ್ಳುವುದಕ್ಕೂ ಇದೇ ಫೈಬ್ರಿನೋಜನ್ ಬೇಕು. ಇದು ತಯಾರಾಗುವುದು ಲಿವರ್‌ನಲ್ಲಿ. ದೊಡ್ಡವರಲ್ಲಿ ಸಾಮಾನ್ಯವಾಗಿ ಒಂದು ಡೆಸಿಲೀಟರ್ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣಗಳನ್ನು ಬಿಟ್ಟು ಉಳಿಯುವ ದ್ರವದಲ್ಲಿ, 200ರಿಂದ 400 ಮಿಲಿಗ್ರಾಂ ಇರುತ್ತದೆ.

ಮನೆ ಕಟ್ಟುವ ಜಾಗಕ್ಕೆ ಮೇಸ್ತ್ರಿ ಬಂದ, ಕೂಲಿಯವರು ಬಂದರು, ಮೊದಲ ಸಾಲು ಇಟ್ಟಿಗೆ ಹೊತ್ತಿಗೆ ಸರಿಯಾಗಿ ಕೂತಿತು ಅಂದುಕೊಳ್ಳಿ. ಪಿಟಿ, ಎಪಿಟಿಟಿ ಹೇಳುವುದು ಅಷ್ಟನ್ನೇ. ಪೂರ್ತಿ ಗೋಡೆಗೆ ಸಾಕಾಗುವಷ್ಟು ಇಟ್ಟಿಗೆ ಇದೆಯಾ, ಇಟ್ಟಿಗೆ ಸರಿಯಾಗಿ ಬೆಂದಿದೆಯಾ ಅನ್ನುವುದು ಆ ಟೆಸ್ಟ್‌ಗಳ ಪ್ರಶ್ನೆಯೇ ಅಲ್ಲ.

ಲ್ಯಾಬ್‌ನಲ್ಲಿ ನಡೆಯುವುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎರಡೂ ಟೆಸ್ಟ್‌ನಲ್ಲಿ ಪ್ಲಾಸ್ಮಾಕ್ಕೆ ರಿಯೇಜೆಂಟ್ ಹಾಕಿ, ಹೆಪ್ಪು ಶುರುವಾಗುವ ಹೊತ್ತಿಗೆ ಗಡಿಯಾರ ನಿಲ್ಲಿಸುತ್ತಾರೆ. ಮೊದಲ ಎಳೆಗಳು ಮೂಡಿದರೆ ಸಾಕು, ಮೆಷಿನ್ ಸೆಕೆಂಡುಗಳನ್ನು ಬರೆದುಬಿಡುತ್ತದೆ. ಆಮೇಲೆ ಆ ಹೆಪ್ಪು ಎಷ್ಟು ದಪ್ಪವಾಯಿತು, ಎಷ್ಟು ಗಟ್ಟಿಯಾಯಿತು ಅಂತ ಯಾರೂ ಕೇಳುವುದಿಲ್ಲ. ಜೊತೆಗೆ ಆ ಸೆಕೆಂಡುಗಳಲ್ಲಿ ಹೆಚ್ಚಿನ ಪಾಲು ಹೋಗುವುದು ಥ್ರಾಂಬಿನ್ ತಯಾರಾಗುವುದಕ್ಕೆ, ಫೈಬ್ರಿನೋಜನ್ ಪಾಲು ಕೊನೆಯಲ್ಲಿ ಸ್ವಲ್ಪ ಮಾತ್ರ. ಹಾಗಾಗಿ ಫೈಬ್ರಿನೋಜನ್ ಸುಮಾರು 100ಕ್ಕಿಂತ ಕೆಳಗೆ ಇಳಿಯುವ ತನಕ ಪಿಟಿ, ಎಪಿಟಿಟಿ ಅಲುಗಾಡದೇ ಇರಬಹುದು. ಈ ಗಡಿ ರಿಯೇಜೆಂಟ್‌ನಿಂದ ರಿಯೇಜೆಂಟ್‌ಗೆ, ಮೆಷಿನ್‌ನಿಂದ ಮೆಷಿನ್‌ಗೆ ಬದಲಾಗುತ್ತದೆ. 110, 120 ಇರುವವರಿಗೆ ದಿನನಿತ್ಯ ಏನೂ ತೊಂದರೆ ಕಾಣದೇ ಇರಬಹುದು, ಆದರೆ ಹೆರಿಗೆ ಅಥವಾ ಆಪರೇಷನ್ ಬಂದಾಗ ಅದು ಸಾಲದೇ ಹೋಗಬಹುದು.

ಥ್ರಾಂಬಿನ್ ಟೈಮ್ ಹಿಂದಿನ ಮೆಟ್ಟಿಲುಗಳನ್ನೆಲ್ಲ ಬಿಟ್ಟು ನೇರವಾಗಿ ಕೊನೆಯದಕ್ಕೆ ಹೋಗುತ್ತದೆ. 37 ಡಿಗ್ರಿಯಲ್ಲಿ ಇಟ್ಟ ಪ್ಲಾಸ್ಮಾಕ್ಕೆ ಹೊರಗಿನಿಂದ ಸ್ವಲ್ಪ ಥ್ರಾಂಬಿನ್ ಹಾಕಿ, ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕು ಅಂತ ನೋಡುತ್ತಾರೆ, ಅಷ್ಟೇ. ಹೆಚ್ಚಿನ ಲ್ಯಾಬ್‌ಗಳಲ್ಲಿ 14ರಿಂದ 19 ಸೆಕೆಂಡ್ ಆಸುಪಾಸು ನಾರ್ಮಲ್, ಆದರೆ ನಿಮ್ಮ ರಿಪೋರ್ಟಿನಲ್ಲಿ ಮುದ್ರಿಸಿರುವ ಮಿತಿಯನ್ನೇ ನೋಡಬೇಕು. ಇದು ಜಾಸ್ತಿ ಬಂದರೆ ಮೂರು ಕಡೆ ಸಂಶಯ ಪಡಬೇಕು: ಫೈಬ್ರಿನೋಜನ್ ಕಡಿಮೆ ಇದೆ, ಇರುವ ಫೈಬ್ರಿನೋಜನ್ ಸರಿಯಿಲ್ಲ, ಇಲ್ಲವೇ ಥ್ರಾಂಬಿನ್ನಿಗೆ ಏನೋ ಅಡ್ಡ ಬರುತ್ತಿದೆ. ಅಡ್ಡ ಬರುವುದರಲ್ಲಿ ಮೊದಲನೆಯದು ಹೆಪಾರಿನ್, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಔಷಧಿ. ಐಸಿಯುನಲ್ಲಿ ಹೆಪಾರಿನ್ ಹಾಕಿ ತೊಳೆದ ಲೈನಿನಿಂದ ರಕ್ತ ತೆಗೆದರೆ ಥ್ರಾಂಬಿನ್ ಟೈಮ್ ಎಲ್ಲಿಗೋ ಹೋಗಿಬಿಡುತ್ತದೆ. ಅದೇ ಕೆಲಸದ ಡಾಬಿಗಾಟ್ರಾನ್ ಮಾತ್ರೆ ತಗೊಳ್ಳುವವರಲ್ಲೂ ಹಾಗೆಯೇ.

ಈಗ ನಿಮ್ಮ ತಂಗಿಯ ಹಾಗೇ ಇರುವ ಒಬ್ಬರ ರಿಪೋರ್ಟನ್ನು ಒಂದು ಉದಾಹರಣೆಯಾಗಿ ಕಟ್ಟಿ ನೋಡೋಣ. 34 ವರ್ಷದ ಹೆಂಗಸು, ತೂಕ 60 ಕೆಜಿ. ಪ್ಲೇಟ್‌ಲೆಟ್ 2.6 ಲಕ್ಷ. ಪಿಟಿ 13.1 ಸೆಕೆಂಡ್, ಎಪಿಟಿಟಿ 34 ಸೆಕೆಂಡ್, ಎರಡೂ ಆ ಲ್ಯಾಬ್‌ನ ಮಿತಿಯ ಒಳಗೆ. ಥ್ರಾಂಬಿನ್ ಟೈಮ್ ಮಾತ್ರ 29 ಸೆಕೆಂಡ್.

ಮೊದಲು ಮಾಡಬೇಕಾದ್ದು ಸ್ಯಾಂಪಲ್ ಸರಿ ಇತ್ತಾ ಅಂತ ನೋಡುವುದು. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಬೇಕು, ಅರ್ಧ ತುಂಬಿದ ಟ್ಯೂಬ್ ಲೆಕ್ಕ ತಪ್ಪಿಸುತ್ತದೆ. ಟ್ಯೂಬಿನಲ್ಲಿ ಚಿಕ್ಕ ಹೆಪ್ಪು ಕಟ್ಟಿದ್ದರೆ ಫೈಬ್ರಿನೋಜನ್ ಅಲ್ಲೇ ಖರ್ಚಾಗಿ ಸುಳ್ಳು ಕಡಿಮೆ ತೋರಿಸುತ್ತದೆ. ಹಾಗಾಗಿ ಕೈಯಿಂದ ಹೊಸದಾಗಿ ರಕ್ತ ತೆಗೆದು ಮತ್ತೆ ಮಾಡಿದರು, ಮತ್ತೂ 29. ಆಮೇಲೆ ರೆಪ್ಟಿಲೇಸ್ ಟೈಮ್. ಇದರಲ್ಲಿ ಥ್ರಾಂಬಿನ್ ಬದಲು ದಕ್ಷಿಣ ಅಮೆರಿಕದ ಒಂದು ಮಂಡಲ ಹಾವಿನ ವಿಷದಿಂದ ತೆಗೆದ ಕಿಣ್ವ ಹಾಕುತ್ತಾರೆ. ಅದಕ್ಕೆ ಹೆಪಾರಿನ್ ಅಡ್ಡ ಬರುವುದಿಲ್ಲ. ಕಾರಣ ಹೆಪಾರಿನ್ ಒಂದೇ ಆಗಿದ್ದರೆ ರೆಪ್ಟಿಲೇಸ್ ಟೈಮ್ ನಾರ್ಮಲ್ ಬರಬೇಕಿತ್ತು. ಇಲ್ಲಿ ಅದೂ ಜಾಸ್ತಿ ಬಂತು. ಅಲ್ಲಿಗೆ ಸಂಶಯ ಫೈಬ್ರಿನೋಜನ್ ಮೇಲೇ ಬಂದು ನಿಂತಿತು.

ಇನ್ನು ಫೈಬ್ರಿನೋಜನ್ ಅಳೆಯುವ ವಿಧಾನ. ಇಲ್ಲಿ ಸ್ವಲ್ಪ ನಿಧಾನಿಸಿ ಓದಿ, ಯಾಕೆಂದರೆ ಹೆಚ್ಚು ಗೊಂದಲ ಆಗುವುದು ಇಲ್ಲೇ. ಸಾಮಾನ್ಯವಾಗಿ ಮಾಡುವುದು ಕ್ಲಾಸ್ ವಿಧಾನ, 1957ರಿಂದ ಇರುವಂಥದ್ದು. ಪ್ಲಾಸ್ಮಾವನ್ನು ಹತ್ತು ಪಟ್ಟು ತೆಳು ಮಾಡಿ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಥ್ರಾಂಬಿನ್ ಹಾಕುತ್ತಾರೆ. ಆಗ ಹೆಪ್ಪುಗಟ್ಟುವ ವೇಗ ಫೈಬ್ರಿನೋಜನ್ ಎಷ್ಟು ಕೆಲಸ ಮಾಡುತ್ತದೆ ಅನ್ನುವುದರ ಮೇಲೇ ನಿಲ್ಲುತ್ತದೆ. ಇದು ಅಳೆಯುವುದು ಕೆಲಸವನ್ನು, ಪ್ರೋಟೀನಿನ ಪ್ರಮಾಣವನ್ನಲ್ಲ. ಪ್ರಮಾಣ ಬೇಕಾದರೆ ಆಂಟಿಜನ್ ಟೆಸ್ಟ್ ಬೇರೆ ಮಾಡಬೇಕು.

ನಮ್ಮ ಉದಾಹರಣೆಯಲ್ಲಿ ಕ್ಲಾಸ್ ವಿಧಾನದಲ್ಲಿ 105 ಬಂತು, ಆಂಟಿಜನ್ 290. ಅಂದರೆ ಪ್ರೋಟೀನ್ ಬೇಕಾದಷ್ಟಿದೆ, ಆದರೆ ಅದರಲ್ಲಿ ಕೆಲಸಕ್ಕೆ ಬರುತ್ತಿರುವುದು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇದಕ್ಕೆ ಡಿಸ್‌ಫೈಬ್ರಿನೋಜನಿಮಿಯಾ ಅನ್ನುತ್ತಾರೆ, ದೋಷವಿರುವ ಫೈಬ್ರಿನೋಜನ್. ಆಂಟಿಜನ್ ಕೂಡ 110ರ ಹತ್ತಿರ ಬಂದಿದ್ದರೆ ಕಥೆ ಬೇರೆ ಆಗುತ್ತಿತ್ತು, ಅದು ಹೈಪೋಫೈಬ್ರಿನೋಜನಿಮಿಯಾ, ಪ್ರಮಾಣವೇ ಕಡಿಮೆ. ಕೆಲವು ಲ್ಯಾಬ್‌ಗಳು ಪಿಟಿ ಮಾಡುವಾಗ ಸಿಗುವ ಬೆಳಕಿನ ಬದಲಾವಣೆಯಿಂದಲೇ ಫೈಬ್ರಿನೋಜನ್ ಲೆಕ್ಕ ಹಾಕಿ ಕೊಡುತ್ತವೆ. ದೋಷವಿರುವವರಲ್ಲಿ ಆ ಲೆಕ್ಕ ನಾರ್ಮಲ್ ಅಂತಲೇ ಬರಬಹುದು. ಹಾಗಾಗಿ ರಿಪೋರ್ಟಿನಲ್ಲಿ ಯಾವ ವಿಧಾನ ಅಂತ ನೋಡಿ, ಬರೆದಿಲ್ಲದಿದ್ದರೆ ಕೇಳಿ. ಇದು ಸಣ್ಣ ವಿಷಯ ಅಂತ ಬಿಡಬೇಡಿ.

ಫೈಬ್ರಿನೋಜನ್ ಬರೀ ಕಡಿಮೆ ಇರುವ ಜನ ನಮ್ಮ ಕಡೆ ಸಿಗುವುದಕ್ಕೆ ಒಂದು ಕಾರಣ ಇದೆ. ಈ ಪ್ರೋಟೀನ್ ಕಟ್ಟುವ ಮೂರು ಜೀನ್‌ಗಳಲ್ಲಿ ಒಂದರ ಎರಡೂ ಪ್ರತಿ ಕೆಟ್ಟಿದ್ದರೆ ಮಗುವಿಗೆ ಫೈಬ್ರಿನೋಜನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹೊಕ್ಕುಳ ಬಳ್ಳಿಯ ಜಾಗದಿಂದಲೇ ರಕ್ತ ಸೋರಲು ಶುರುವಾಗುತ್ತದೆ. ಸೋದರಮಾವ, ಅತ್ತೆಯ ಮಗ ಅಂತ ಸಂಬಂಧದಲ್ಲೇ ಮದುವೆ ಆಗುವ ಮನೆಗಳಲ್ಲಿ ಇದರ ಸಾಧ್ಯತೆ ಜಾಸ್ತಿ. ಅಂಥ ಮಗುವಿನಲ್ಲಿ ಪಿಟಿ, ಎಪಿಟಿಟಿ, ಥ್ರಾಂಬಿನ್ ಟೈಮ್ ಮೂರೂ ಅಳೆಯಲಾಗದಷ್ಟು ಉದ್ದ, ಹಾಗಾಗಿ ತಪ್ಪಿಸಿಕೊಳ್ಳುವುದು ಕಷ್ಟ. ಆದರೆ ಅದರ ಅಪ್ಪ ಅಮ್ಮನಲ್ಲಿ ಒಂದೊಂದು ಪ್ರತಿ ಮಾತ್ರ ಕೆಟ್ಟಿರುತ್ತದೆ, ಅವರ ಮಟ್ಟ ಹೆಚ್ಚುಕಡಿಮೆ ಅರ್ಧದಷ್ಟು. ಅವರ ಪಿಟಿ, ಎಪಿಟಿಟಿ ನಾರ್ಮಲ್ ಬರುವುದೇ ಹೆಚ್ಚು, ಅಲ್ವಾ, ಈಗಷ್ಟೇ ನೋಡಿದೆವಲ್ಲ ಗಡಿ ಎಲ್ಲಿದೆ ಅಂತ.

ಹುಟ್ಟಿನಿಂದ ಬರದೇ ಆಮೇಲೆ ಕಡಿಮೆಯಾಗುವುದೂ ಉಂಟು. ಲಿವರ್ ಕಾಯಿಲೆಯಲ್ಲಿ, ಲ್ಯುಕೇಮಿಯಾ ಮಕ್ಕಳಿಗೆ ಕೊಡುವ ಆಸ್ಪರಾಜಿನೇಸ್ ಔಷಧಿಯಿಂದ ಹೀಗಾಗುತ್ತದೆ. ಆದರೆ ತುಂಬಾ ಅಪಾಯದ್ದು ಹೆರಿಗೆಯ ರಕ್ತಸ್ರಾವ. ಗರ್ಭಿಣಿಯ ಫೈಬ್ರಿನೋಜನ್ ಕೊನೆಯ ತಿಂಗಳುಗಳಲ್ಲಿ 400ರಿಂದ 600ರ ತನಕ ಏರುತ್ತದೆ. ಹೆರಿಗೆ ಆದ ಮೇಲೆ ರಕ್ತ ಹೋಗುತ್ತಿರುವಾಗ 190 ಬಂದರೆ, ಕಾಗದದ ಮೇಲೆ ಅದು ಮಿತಿಗಿಂತ ಸ್ವಲ್ಪವೇ ಕಡಿಮೆ, ಪಿಟಿ, ಎಪಿಟಿಟಿಯೂ ನಾರ್ಮಲ್. ಆದರೆ ಆ ತಾಯಿಯ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿಬಿಟ್ಟಿದೆ. ಹೆರಿಗೆಯ ರಕ್ತಸ್ರಾವದಲ್ಲಿ 200ಕ್ಕಿಂತ ಕೆಳಗೆ ಇಳಿಯುವುದು ಪರಿಸ್ಥಿತಿ ಬಿಗಡಾಯಿಸುವ ಸೂಚನೆ. ತುಂಬಾ ರಕ್ತ ಹೋದಾಗ ಎಲ್ಲ ಫ್ಯಾಕ್ಟರ್‌ಗಳಿಗಿಂತ ಮೊದಲು ಸಾಲದಾಗುವುದು ಇದೇ. ಪಿಟಿ ಏರಲಿ ಅಂತ ಕಾಯುತ್ತಾ ಕೂರುವುದು ಸರಿಯಲ್ಲ.

ಇದಕ್ಕೆ ತದ್ವಿರುದ್ಧವಾದ ಮೋಸವೂ ಇದೆ. ಜ್ವರ, ಸೋಂಕು, ಊತ ಇದ್ದಾಗ ಲಿವರ್ ಫೈಬ್ರಿನೋಜನ್ ಜಾಸ್ತಿ ಮಾಡುತ್ತದೆ. ಹುಟ್ಟಿನಿಂದ 130 ಇರುವವರಿಗೆ ನ್ಯುಮೋನಿಯಾ ಬಂದಾಗ 210 ಬರಬಹುದು. ಹಾಗಾಗಿ ನಾರ್ಮಲ್ ಬಂತು ಅಂತ ಬಿಡದೆ, ಆರಾಮಾಗಿದ್ದಾಗ ಇನ್ನೊಮ್ಮೆ ನೋಡಬೇಕು.

ಚಿಕಿತ್ಸೆಗೆ ಬರೋಣ. ನಮ್ಮ ಉದಾಹರಣೆಯ ಹೆಂಗಸಿಗೆ ಆಪರೇಷನ್ ಹೊತ್ತಿಗೆ ಕೆಲಸ ಮಾಡುವ ಫೈಬ್ರಿನೋಜನ್ 105ರಿಂದ 170ಕ್ಕೆ ಏರಬೇಕು ಅಂದುಕೊಳ್ಳಿ. ಒಂದು ಕೆಜಿ ತೂಕಕ್ಕೆ ಸುಮಾರು 40 ಮಿಲಿ ಪ್ಲಾಸ್ಮಾ, 60 ಕೆಜಿಗೆ 2400 ಮಿಲಿ, ಅಂದರೆ 24 ಡೆಸಿಲೀಟರ್. ಪ್ರತಿ ಡೆಸಿಲೀಟರಿಗೆ 65 ಮಿಲಿಗ್ರಾಂ ಬೇಕು, ಒಟ್ಟು ಸುಮಾರು 1560 ಮಿಲಿಗ್ರಾಂ. ಕ್ರಯೋ ಅಂದರೆ ದಾನಿಗಳ ಪ್ಲಾಸ್ಮಾದಿಂದ ತೆಗೆದ, ಫೈಬ್ರಿನೋಜನ್ ಹೆಚ್ಚಿರುವ ಭಾಗ. ಅದರ ಒಂದು ಚೀಲದಲ್ಲಿ ಸುಮಾರು 200 ಮಿಲಿಗ್ರಾಂ ಅಂತ ಹಿಡಿದರೆ ಎಂಟು ಚೀಲ. ಇದನ್ನೇ ಎಫ್‌ಎಫ್‌ಪಿಯಿಂದ, ಅಂದರೆ ಹೆಪ್ಪುಗಟ್ಟಿಸಿ ಇಟ್ಟ ದಾನಿಯ ಪೂರ್ತಿ ಪ್ಲಾಸ್ಮಾದಿಂದ, ಕೊಡಬೇಕೆಂದರೆ, ಒಂದು ಮಿಲಿಯಲ್ಲಿ ಎರಡು ಮೂರು ಮಿಲಿಗ್ರಾಂ ಮಾತ್ರ ಇರುವುದರಿಂದ, ಅರ್ಧ ಲೀಟರಿಗಿಂತ ಜಾಸ್ತಿ ದ್ರವ ಒಳಗೆ ಹೋಗಬೇಕು. ಶುದ್ಧೀಕರಿಸಿದ ಫೈಬ್ರಿನೋಜನ್ ಪುಡಿಯ ಇಂಜೆಕ್ಷನ್ ಇದೆ, ಸಿಕ್ಕರೆ ಅದು ಒಳ್ಳೆಯದು. ಕಟ್ಟಿದ ಹೆಪ್ಪು ಬೇಗ ಕರಗದ ಹಾಗೆ ನೋಡಿಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಮುಟ್ಟಿನ ರಕ್ತಸ್ರಾವಕ್ಕೂ ಹಲ್ಲಿನ ಕೆಲಸಕ್ಕೂ ನೆರವಾಗುತ್ತದೆ.

ಆದರೆ ಸಂಖ್ಯೆ ಕಡಿಮೆ ಅಂತ ಎಲ್ಲರಿಗೂ ಕ್ರಯೋ ಹಾಕುವಂತಿಲ್ಲ. ಡಿಸ್‌ಫೈಬ್ರಿನೋಜನಿಮಿಯಾ ಇರುವವರಲ್ಲಿ ಎಷ್ಟೋ ಜನಕ್ಕೆ ಯಾವ ತೊಂದರೆಯೂ ಇರುವುದಿಲ್ಲ, ಕೆಲವರಿಗೆ ರಕ್ತ ಸೋರುತ್ತದೆ, ಇನ್ನು ಕೆಲವರಿಗೆ ವಿಚಿತ್ರವಾಗಿ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತದೆ, ಯಾಕೆಂದರೆ ಅವರ ಫೈಬ್ರಿನ್ ಬಲೆ ಕರಗುವುದಕ್ಕೆ ಒಪ್ಪುವುದಿಲ್ಲ. ಅದಕ್ಕೇ ಹಿಂದೆ ಏನಾಗಿತ್ತು, ಮನೆಯವರಿಗೆ ಏನಾಗಿತ್ತು ಅನ್ನುವುದು ಸಂಖ್ಯೆಯಷ್ಟೇ ಮುಖ್ಯ. ನಿಮ್ಮ ತಂಗಿಯ ಹಲ್ಲು, ಮುಟ್ಟು, ಹೆರಿಗೆ ಮೂರರ ವಿಷಯವನ್ನೂ ಹೆಮಟಾಲಜಿ ಡಾಕ್ಟರಿಗೆ ಮತ್ತು ಅರಿವಳಿಕೆ ಡಾಕ್ಟರಿಗೆ ಬಿಡದೆ ಹೇಳಿ.

ಥ್ರಾಂಬಿನ್ ಟೈಮ್, ಫೈಬ್ರಿನೋಜನ್ ಎರಡೂ ನಾರ್ಮಲ್ ಬಂದರೂ ಹುಡುಕಾಟ ನಿಲ್ಲಿಸಬೇಡಿ. ವಾನ್ ವಿಲ್ಲೆಬ್ರಾಂಡ್ ಅನ್ನುವ ಇನ್ನೊಂದು ರಕ್ತಸ್ರಾವದ ಕಾಯಿಲೆ ಇವೆಲ್ಲಕ್ಕಿಂತ ಹೆಚ್ಚು ಸಾಮಾನ್ಯ. ಪ್ಲೇಟ್‌ಲೆಟ್ ಸಂಖ್ಯೆ ಸರಿಯಿದ್ದು ಕೆಲಸ ಸರಿಯಿಲ್ಲದಿರಬಹುದು. ಫ್ಯಾಕ್ಟರ್ 13 ಕೊರತೆಯಲ್ಲಂತೂ ಈ ನಾಲ್ಕೂ ಟೆಸ್ಟ್ ನಾರ್ಮಲ್ ಬರುತ್ತವೆ, ಅದಕ್ಕೆ ಬೇರೆಯದೇ ಟೆಸ್ಟ್ ಬರೆಸಬೇಕು. ಡಿಸ್‌ಫೈಬ್ರಿನೋಜನಿಮಿಯಾ ಅಂತ ಗೊತ್ತಾದರೆ ನೀವೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಅದಕ್ಕೆ ಒಂದು ಕೆಟ್ಟ ಪ್ರತಿ ಸಾಕು, ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದಿದ್ದರೆ ಒಡಹುಟ್ಟಿದವರಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.