ಬಿಟ್‌ಕಾಯಿನ್ ಗ್ರಿಡ್: ಗಡಿ ಎಲ್ಲಿ ಹಾಕಬೇಕು, ಬೆಲೆ ಗಡಿ ದಾಟಿದರೆ ಏನಾಗುತ್ತದೆ

2024ರ ಜೂನ್ ಮೂರನೇ ವಾರದಲ್ಲಿ ಬಿಟ್‌ಕಾಯಿನ್ ಬೆಲೆ 64,000 ಡಾಲರ್ ಆಸುಪಾಸಿನಲ್ಲಿತ್ತು. ಏಪ್ರಿಲ್, ಮೇ, ಜೂನ್ ಮೂರೂ ತಿಂಗಳಲ್ಲಿ ಅದು 72,000ದ ಹತ್ತಿರ ಹೋಗಿ ಹಿಂದೆ ಬಿದ್ದಿತ್ತು. ಮೇ 1ರಂದು 57,000ಕ್ಕಿಂತ ಕೆಳಗಿಳಿದು ಮತ್ತೆ ಮೇಲೆದ್ದಿತ್ತು. ಹೀಗೆ ಒಂದೇ ಪಟ್ಟಿಯೊಳಗೆ ತೂಗಾಡುವ ಬೆಲೆಯಿಂದ ಲಾಭ ತೆಗೆಯುವ ವಿಧಾನ ಗ್ರಿಡ್ ಟ್ರೇಡಿಂಗ್.

56,000ದಿಂದ 72,000ದವರೆಗೆ ಸಾವಿರ ಡಾಲರ್‌ಗೊಂದು ಮೆಟ್ಟಿಲು ಹಾಕೋಣ. 64,000ಕ್ಕಿಂತ ಕೆಳಗಿನ ಎಂಟು ಮೆಟ್ಟಿಲಲ್ಲಿ ಖರೀದಿ ಆರ್ಡರ್, ಮೇಲಿನ ಎಂಟರಲ್ಲಿ ಮಾರಾಟದ ಆರ್ಡರ್, ಪ್ರತಿಯೊಂದೂ 0.01 ಬಿಟ್‌ಕಾಯಿನ್. ಮಾರಲು ಬೇಕಾದ 0.08 ಕಾಯಿನ್ ಈಗಲೇ ಕೊಳ್ಳಲು 5,120 ಡಾಲರ್, ಕೆಳಗಿನ ಖರೀದಿಗಳಿಗೆ 4,760, ಒಟ್ಟು 9,880. ಖರೀದಿಯೊಂದು ಆದ ಕೂಡಲೇ ಅದರ ಮೇಲಿನ ಮೆಟ್ಟಿಲಲ್ಲಿ ಮಾರಾಟದ ಆರ್ಡರ್ ಬೀಳುತ್ತದೆ. 63,000ಕ್ಕೆ ಕೊಂಡದ್ದು 64,000ಕ್ಕೆ ಮಾರಿದರೆ ಒಂದು ಸುತ್ತು ಮುಗಿಯಿತು. ಕೈಗೆ ಬರುವುದು 10 ಡಾಲರ್. ಕೊಳ್ಳುವಾಗಲೂ ಮಾರುವಾಗಲೂ 0.1% ಶುಲ್ಕ ಕಳೆದರೆ ಸುಮಾರು 8.7. ಮೆಟ್ಟಿಲನ್ನು 200 ಡಾಲರ್‌ಗೆ ಇಳಿಸಿದರೆ ಸುತ್ತುಗಳು ಹೆಚ್ಚುತ್ತವೆ ನಿಜ, ಆದರೆ 2 ಡಾಲರ್ ಲಾಭದಲ್ಲಿ 1.27ರಷ್ಟು ಶುಲ್ಕಕ್ಕೇ ಹೋಗುತ್ತದೆ. ಸುತ್ತಿನ ಶುಲ್ಕದ ಐದಾರು ಪಟ್ಟಿಗಿಂತ ಕಿರಿದಾದ ಮೆಟ್ಟಿಲು ಹಾಕಬಾರದು.

ಇಲ್ಲಿ ಒಂದು ಗಣಿತ ಅಡಗಿದೆ. ಬೆಲೆ ನಾಣ್ಯ ಚಿಮ್ಮಿದಂತೆ ಗುರಿಯಿಲ್ಲದೆ ಅಲೆಯುತ್ತಿದ್ದರೆ, ಸುತ್ತುಗಳಿಂದ ಬಂದ ಲಾಭವನ್ನು ಕೈಯಲ್ಲಿ ಉಳಿದ ಕಾಯಿನ್‌ಗಳ ನಷ್ಟ ಸರಾಸರಿಯಲ್ಲಿ ಪೂರ್ತಿ ತಿಂದುಬಿಡುತ್ತದೆ. ಶುಲ್ಕ ಕೈಯಿಂದ ಹೋಗುತ್ತದೆ. ಬೆಲೆ ನಡುವಿಗೆ ಮರಳುವ ಒಲವು ತೋರಿದಾಗ ಮಾತ್ರ ಗ್ರಿಡ್ ಗಳಿಸುತ್ತದೆ. ಆದ್ದರಿಂದ ಗಡಿ ಆರಿಸುವಾಗ ಬೆಲೆ ಎರಡೂ ತುದಿಯನ್ನು ಕನಿಷ್ಠ ಎರಡೆರಡು ಸಲ ಮುಟ್ಟಿ ತಿರುಗಿದೆಯೇ ಎಂದು ನೋಡಬೇಕು. ಈ ಉದಾಹರಣೆಯಲ್ಲಿ ಮೇಲಿನ ಗಡಿ ಆ ಪರೀಕ್ಷೆ ಗೆದ್ದಿತ್ತು. ಕೆಳಗಿನದಕ್ಕೆ ಮೇ 1ರ ಒಂದೇ ಸಾಕ್ಷಿ. ದೌರ್ಬಲ್ಯ ಇದ್ದದ್ದು ಅಲ್ಲೇ.

ಸುಮಾರು ಎರಡು ವಾರದಲ್ಲಿ, ಜುಲೈ 5ರಂದು, ಬೆಲೆ 54,000ಕ್ಕಿಂತ ಕೆಳಗೆ ಹೋಯಿತು. 56,000 ತಲುಪುವಷ್ಟರಲ್ಲೇ ಎಂಟೂ ಖರೀದಿಗಳು ಆಗಿ, ಗ್ರಿಡ್‌ನ ಕೈಯಲ್ಲಿ 0.16 ಕಾಯಿನ್ ಸೇರಿರುತ್ತದೆ, ಸರಾಸರಿ 61,750ಕ್ಕೆ. ಆ ಹಂತದಲ್ಲಿ ನಷ್ಟ 920 ಡಾಲರ್, 54,000ದಲ್ಲಿ 1,240. ಇದನ್ನು ತುಂಬಲು 140ಕ್ಕೂ ಹೆಚ್ಚು ಸುತ್ತು ಬೇಕು. ಆಮೇಲೆ ಪ್ರತಿ ಸಾವಿರ ಡಾಲರ್ ಕುಸಿತಕ್ಕೆ ಇನ್ನೂ 160 ಹೋಗುತ್ತದೆ, ಹೊಸ ಸುತ್ತು ಒಂದೂ ಬರುವುದಿಲ್ಲ.

ಮೇಲ್ಗಡಿ ದಾಟಿದರೆ ಇಷ್ಟು ನೋವಿಲ್ಲ. 72,000ದ ಹೊತ್ತಿಗೆ 0.08 ಕಾಯಿನ್ ಸರಾಸರಿ 68,500ಕ್ಕೆ ಮಾರಾಟವಾಗಿ ಕೈಯಲ್ಲಿ ಬರೀ ಡಾಲರ್ ಉಳಿದಿರುತ್ತದೆ. ಆ ವರ್ಷ ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ ಲಕ್ಷ ಡಾಲರ್ ದಾಟಿತು. ಆ ಏರಿಕೆ ಕೈತಪ್ಪುತ್ತಿತ್ತು, ಹಾಕಿದ ಹಣ ಕರಗುತ್ತಿರಲಿಲ್ಲ. ಏರಿದ ಬೆಲೆಯ ಹಿಂದೆ ಓಡಿ ಗ್ರಿಡ್ ಮೇಲಕ್ಕೆ ಎಳೆದರೆ ದುಬಾರಿ ಬೆಲೆಗೆ ಕಾಯಿನ್ ಕೊಂಡು, ಕೆಳಗಡೆಯ ಅಪಾಯವನ್ನು ಮತ್ತೆ ಹೊತ್ತಂತೆ.

ಹಾಗಾಗಿ ಲೆಕ್ಕ ಶುರುವಾಗಬೇಕಾದ್ದು ನಷ್ಟದಿಂದ. ಕಳೆದ 14 ದಿನಗಳ ಗರಿಷ್ಠ–ಕನಿಷ್ಠ ಬೆಲೆಯ ಅಂತರದ ಸರಾಸರಿ ತೆಗೆದು, ಕೆಳಗಿನ ಗಡಿಯಿಂದ ಅಷ್ಟು ಕೆಳಗೆ ಸ್ಟಾಪ್ ಲಾಸ್, ಅಂದರೆ ಬೆಲೆ ಅಲ್ಲಿಗಿಳಿದರೆ ಎಲ್ಲ ಮಾರಿ ಹೊರಬರುವ ಆರ್ಡರ್, ಇಡಬಹುದು. ಅದು 54,000ಕ್ಕೆ ಬಂತೆನ್ನಿ, ನೀವು ತಡೆದುಕೊಳ್ಳಬಲ್ಲ ನಷ್ಟ 620 ಡಾಲರ್ ಎನ್ನಿ: ಆರ್ಡರ್ ಗಾತ್ರ 0.01ರ ಬದಲು 0.005 ಆಗಬೇಕು. ಗ್ರಿಡ್‌ನ ಆರ್ಡರ್‌ಗಳನ್ನು ತಾನಾಗಿ ಹಾಕುವ ಬಾಟ್ ಪ್ರೋಗ್ರಾಮ್ ನಿಲ್ಲಿಸಿದರೆ ಆರ್ಡರ್‌ಗಳು ರದ್ದಾಗುತ್ತವೆ, ಕಾಯಿನ್ ಮಾತ್ರ ಕೈಯಲ್ಲೇ ಉಳಿಯಬಹುದು. 'ನಿಲ್ಲಿಸಿದಾಗ ಎಲ್ಲ ಮಾರು' ಎಂಬ ಆಯ್ಕೆ ಒತ್ತಿದೆಯೇ ನೋಡಿಕೊಳ್ಳಿ. ಸಾಲದ ಮೇಲೆ ನಡೆಯುವ ಫ್ಯೂಚರ್ಸ್ ಗ್ರಿಡ್ ಆದರೆ, ಸ್ಟಾಪ್‌ಗಿಂತ ಮೊದಲೇ ಎಕ್ಸ್‌ಚೇಂಜ್ ನಿಮ್ಮ ಕಾಯಿನ್ ಮಾರಿಹಾಕೀತು.

ಸ್ಟಾಪ್‌ಗೂ ಬೆಲೆ ತೆರಬೇಕು. ಆ ಜುಲೈ ಕೊನೆಗೆ ಬಿಟ್‌ಕಾಯಿನ್ 70,000ಕ್ಕೆ ಹತ್ತಿದ್ದರಿಂದ, 54,000ಕ್ಕೆ ಮಾರಿದವರು ತಳದಲ್ಲೇ ಮಾರಿದಂತಾಯಿತು. ಆಗಸ್ಟ್ 5ರಂದು 50,000ಕ್ಕಿಂತ ಕೆಳಗೆ ಬಿದ್ದಾಗಲೂ ಕೆಲವೇ ದಿನಗಳಲ್ಲಿ 60,000 ದಾಟಿತು. ಆದರೂ ಸ್ಟಾಪ್ ಬೇಕೇಬೇಕು, ಯಾಕೆಂದರೆ 2022ರ ಮೇ ತಿಂಗಳಲ್ಲಿ ಲೂನಾ ಎಂಬ ಇನ್ನೊಂದು ಕ್ರಿಪ್ಟೊ ಕಾಯಿನ್ ಸುಮಾರು 80 ಡಾಲರ್‌ನಿಂದ ಒಂದು ಸೆಂಟ್‌ಗಿಂತಲೂ ಕೆಳಕ್ಕೆ ಬಿದ್ದದ್ದೂ ಕೆಲವೇ ದಿನಗಳಲ್ಲಿ, ಅದು ತಿರುಗಿ ಏಳಲಿಲ್ಲ.

ಭಾರತದಲ್ಲಿ 2022ರಿಂದ ಕ್ರಿಪ್ಟೊ ಲಾಭಕ್ಕೆ 30% ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ನೂರು ಸುತ್ತಿನ ಲಾಭಕ್ಕೆ ತೆರಿಗೆ ಕಟ್ಟಬೇಕು, ಸ್ಟಾಪ್‌ನ ನಷ್ಟ ಪೂರ್ತಿ ನಿಮ್ಮದೇ. ಜತೆಗೆ ಪ್ರತಿ ಮಾರಾಟದ ಮೊತ್ತದಲ್ಲಿ 1% ಟಿಡಿಎಸ್: 640 ಡಾಲರ್ ಮಾರಾಟಕ್ಕೆ 6.4, ಸುತ್ತಿನ ಲಾಭ 10 ಇರುವಾಗ. ಅದು ಮುಂದೆ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ. ಆದರೆ ನೂರು ಸುತ್ತಿಗೆ 640 ಡಾಲರ್ ಗ್ರಿಡ್‌ನಿಂದ ಹೊರಹೋಗಿ, ಕೆಳಗಿನ ಒಂದು ಖರೀದಿ ಆರ್ಡರ್‌ಗೆ ಹಣವೇ ಇರುವುದಿಲ್ಲ.