ಫೈಂಡಿಂಗ್ಸ್‌ನಲ್ಲಿ ಇತ್ತು, ಇಂಪ್ರೆಶನ್‌ನಲ್ಲಿ ಇರಲಿಲ್ಲ

ನಾನು ರೇಡಿಯಾಲಜಿಸ್ಟ್, ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯೋದು ನನ್ನ ಕೆಲಸ. ಎಡ ಸೊಂಟದಿಂದ ತೊಡೆಸಂದಿವರೆಗೆ ನೋವು ಅಂತ ಒಬ್ಬರು ಬಂದಿದ್ದರು. 58 ವರ್ಷ, ಮೂವತ್ತು ವರ್ಷದಿಂದ ಬೀಡಿ. ಯೂರಾಲಜಿಸ್ಟ್ ಚೀಟಿಯಲ್ಲಿ ಬರೆದಿದ್ದು ಒಂದೇ ಸಾಲು: ಮೂತ್ರನಾಳದಲ್ಲಿ ಕಲ್ಲಿದೆಯಾ?

ಕಲ್ಲು ಹುಡುಕೋದಕ್ಕೆ, ಅಂಗಗಳನ್ನು ಎದ್ದು ಕಾಣಿಸೋ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಡ, ಪ್ಲೇನ್ ಸಿಟಿ ಸಾಕು. ರಿಪೋರ್ಟಿನ ಶುರುವಿನಲ್ಲಿ ಬರೋ ಟೆಕ್ನಿಕ್ ಭಾಗದಲ್ಲಿ ಬರೆಯೋದು ಇದನ್ನೇ. ಓದುವವರು ಸುಮ್ನೆ ದಾಟಿಬಿಡುತ್ತಾರೆ. ಆದರೆ ಕಾಂಟ್ರಾಸ್ಟ್ ಕೊಟ್ಟಿಲ್ಲ ಅಂದಮೇಲೆ, ಲಿವರ್‌ನಲ್ಲಿ ಗಡ್ಡೆ ಇಲ್ಲವೇ ಇಲ್ಲ ಅಂತ ಆ ಸ್ಕ್ಯಾನ್ ನೋಡಿ ಹೇಳೋಕಾಗಲ್ಲ. ಯಾವ ಪ್ರಶ್ನೆಗೆ ಉತ್ತರ ಕೊಡೋ ಶಕ್ತಿ ಈ ಸ್ಕ್ಯಾನಿಗಿದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಕಲ್ಲು ಸಿಕ್ಕಿತು. ಎಡ ಮೂತ್ರನಾಳ ಮೂತ್ರಕೋಶಕ್ಕೆ ಸೇರೋ ಜಾಗದಲ್ಲಿ 4 ಮಿ.ಮೀ. ಕಲ್ಲು, ಕಿಡ್ನಿ ಸ್ವಲ್ಪ ಊದಿದೆ. ಇಷ್ಟು ಚಿಕ್ಕದು ಬಹಳಷ್ಟು ಸಲ ತಾನಾಗೇ ಮೂತ್ರದಲ್ಲಿ ಹೋಗುತ್ತದೆ.

ಹೊಟ್ಟೆಯ ಸಿಟಿಯಲ್ಲಿ ಮೇಲಿನ ಕೆಲವು ಸ್ಲೈಸ್‌ಗಳಲ್ಲಿ ಶ್ವಾಸಕೋಶದ ತಳಭಾಗವೂ ಬರುತ್ತದೆ. ಯಾರೂ ಅದನ್ನು ನೋಡಿ ಅಂತ ಹೇಳಿರೋದಿಲ್ಲ, ಆದರೂ ನೋಡಲೇಬೇಕು. ಇವರ ಬಲ ಶ್ವಾಸಕೋಶದ ಕೆಳಭಾಗದಲ್ಲಿ 9 ಮಿ.ಮೀ. ಗಂಟು ಇತ್ತು.

ಒಂದು ಗಂಟನ್ನು ಒಂದೇ ದಿನದ ಸ್ಕ್ಯಾನ್‌ನಲ್ಲಿ ನೋಡಿದರೆ ಅದರ ಬಗ್ಗೆ ಜಾಸ್ತಿ ಹೇಳೋಕಾಗಲ್ಲ. ಹಳೇ ಟಿ.ಬಿ.ಯ ಗುರುತಿರಬಹುದು, ಬೇರೇನೋ ಇರಬಹುದು. ಹಾಗಾಗಿ 'ಹಳೇ ಸ್ಕ್ಯಾನ್ ಏನಾದರೂ ಇದೆಯಾ' ಅಂತ ಕೇಳಿದೆ. '14 ತಿಂಗಳ ಹಿಂದೆ ಇದೇ ನೋವಿಗೆ ಮಾಡಿಸಿದ್ವಿ ಡಾಕ್ಟ್ರೇ, ಫಿಲ್ಮ್ ಬೀರು ಮೇಲಿದೆ' ಅಂದರು. ಫಿಲ್ಮ್ ಜೊತೆ ಕೊಟ್ಟಿರೋ ಸಿಡಿಯನ್ನೂ ತನ್ನಿ ಅಂತ ಮಗನನ್ನು ಕಳಿಸಿದೆ.

ಸಿಡಿ ಯಾಕೆ ಅಂದರೆ, ಫಿಲ್ಮ್ ಮೇಲೆ ಸಾಮಾನ್ಯವಾಗಿ 5 ಮಿ.ಮೀ. ದಪ್ಪದ ಸ್ಲೈಸ್ ಅಚ್ಚಾಗಿರುತ್ತದೆ, ಅಷ್ಟು ದಪ್ಪದ ಸ್ಲೈಸ್‌ನಲ್ಲಿ ಚಿಕ್ಕ ಗಂಟಿನ ಅಂಚು ಮಸುಕಾಗಿ ಅಳತೆ ಹೆಚ್ಚುಕಮ್ಮಿ ಆಗುತ್ತದೆ. ಇವರ ಸಿಡಿಯಲ್ಲಿ 1 ಮಿ.ಮೀ. ಸ್ಲೈಸ್‌ಗಳಿದ್ದವು. ಎರಡೂ ಸ್ಕ್ಯಾನನ್ನು ಪಕ್ಕಪಕ್ಕ ಇಟ್ಟು ಒಂದೇ ರೀತಿ ಅಳೆದೆ: ಆಗ 6, ಈಗ 9. 2 ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸ ಇದ್ದರೆ ಅಳತೆಯ ತಪ್ಪು ಅನ್ನಬಹುದಿತ್ತು. 3 ಮಿ.ಮೀ.ಗೆ ಹಾಗನ್ನೋಕಾಗಲ್ಲ. ಕೇಳೋಕೆ ಚಿಕ್ಕದು ಅಲ್ವಾ? ಗಂಟು ಉಂಡೆಯಾಗಿದೆ ಅಂದುಕೊಂಡು ಗಾತ್ರದ ಲೆಕ್ಕ ಹಾಕಿದರೆ ಅದು ಮೂರು ಪಟ್ಟಿಗಿಂತ ಜಾಸ್ತಿ ಬೆಳೆದಿದೆ. ರಿಪೋರ್ಟಿನಲ್ಲಿ ಕಂಪ್ಯಾರಿಸನ್ ಅಂತ ಹಳೇ ಸ್ಕ್ಯಾನಿನ ತಾರೀಖು ಹಾಕೋದು ಇದಕ್ಕೇ.

ಆಮೇಲೆ ಹಳೇ ರಿಪೋರ್ಟ್ ಓದಿದೆ. ಬೇರೆ ಕಡೆ ಮಾಡಿದ್ದು. ಫೈಂಡಿಂಗ್ಸ್‌ನಲ್ಲಿ ಲಿವರ್, ಪಿತ್ತಕೋಶ, ಗುಲ್ಮ, ಮೇದೋಜೀರಕ, ಎರಡು ಕಿಡ್ನಿ, ಪ್ರಾಸ್ಟೇಟ್, ಬೆನ್ನುಮೂಳೆ ಎಲ್ಲ ಆದಮೇಲೆ ಕೊನೇ ಸಾಲು: ಬಲ ಶ್ವಾಸಕೋಶದ ತಳದಲ್ಲಿ 6 ಮಿ.ಮೀ. ಗಂಟು ಕಂಡಿದೆ. ಕಣ್ಣು ತಪ್ಪಿರಲಿಲ್ಲ, ಅಳತೆಯೂ ಸರಿ ಇತ್ತು. ಆದರೆ ರಿಪೋರ್ಟಿನ ಕೊನೆಗೆ ಸಾರಾಂಶವಾಗಿ ಬರೆಯೋ ಇಂಪ್ರೆಶನ್‌ನಲ್ಲಿ ಇದ್ದಿದ್ದು ಕಲ್ಲು ಮಾತ್ರ. ಒಪಿಡಿಯಲ್ಲಿ ನಲವತ್ತು ಜನ ಕಾಯ್ತಿರುವಾಗ ಯೂರಾಲಜಿಸ್ಟ್ ನೇರವಾಗಿ ಕೆಳಗಿನ ಇಂಪ್ರೆಶನ್ನಿಗೇ ಹೋಗ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ನಾನೂ ಬೇರೆಯವರ ರಿಪೋರ್ಟನ್ನು ಮೊದಲು ಅಲ್ಲಿಂದಲೇ ಓದೋದು.

ಹೀಗೆ ಬೇರೇನೋ ನೋಡುವಾಗ ಸಿಕ್ಕ ಗಂಟಿಗೆ, ಎದೆಯ ಸ್ಕ್ಯಾನ್ ತಜ್ಞರ ಸಂಘವಾದ ಫ್ಲೈಶ್ನರ್ ಸೊಸೈಟಿಯವರ 2017ರ ಮಾರ್ಗಸೂಚಿ ಇದೆ. ಹೊಟ್ಟೆಯ ಸಿಟಿಯಲ್ಲಿ 6ರಿಂದ 8 ಮಿ.ಮೀ. ಗಂಟು ಕಂಡರೆ, ರಿಸ್ಕ್ ನೋಡಿಕೊಂಡು 3ರಿಂದ 12 ತಿಂಗಳೊಳಗೆ ಇಡೀ ಎದೆಯ ಸಿಟಿ ಮಾಡಿಸಿ ಅನ್ನುತ್ತದೆ. ಆ ಒಂದು ಸಾಲು ಇಂಪ್ರೆಶನ್‌ನಲ್ಲಿ ಇದ್ದಿದ್ದರೆ, ಗಂಟು ಬೆಳೀತಿದೆ ಅನ್ನೋದು ಇನ್ನೂ ಮುಂಚೆ ಗೊತ್ತಾಗುತ್ತಿತ್ತು.

ಫೈಂಡಿಂಗ್ಸ್ ಅಂದರೆ ಕಣ್ಣಿಗೆ ಕಂಡಿದ್ದು, ಇಂಪ್ರೆಶನ್ ಅಂದರೆ ಅದರ ಅರ್ಥ ಏನು, ಮುಂದೇನು ಅನ್ನೋದು. ಫೈಂಡಿಂಗ್ಸನ್ನೇ ಕಾಪಿ ಮಾಡಿ ಕೆಳಗೆ ಅಂಟಿಸಿದರೆ ಇಂಪ್ರೆಶನ್ ಆಗಲ್ಲ. ಎಲ್ಲದಕ್ಕೂ 'ಕ್ಲಿನಿಕಲ್ ಕೋರಿಲೇಶನ್ ಮಾಡಿಕೊಳ್ಳಿ', ಅಂದರೆ ರೋಗಿಯ ಲಕ್ಷಣದ ಜೊತೆ ನೀವೇ ಹೊಂದಿಸಿ ನೋಡಿಕೊಳ್ಳಿ ಅಂತ ಬರೆದು ಕೈ ತೊಳೆದುಕೊಳ್ಳೋದೂ ನಮ್ಮವರ ಒಂದು ಚಾಳಿ, ನನಗೂ ಇತ್ತು. ಕಿಡ್ನಿಯಲ್ಲಿ ಸಾಧಾರಣ ನೀರುಗುಳ್ಳೆ ಇದ್ದರೆ ಅದು ಮೇಲೆ ಫೈಂಡಿಂಗ್ಸ್‌ನಲ್ಲೇ ಇರಲಿ. ಕೆಳಗೆ ತಂದರೆ ರೋಗಿಗೆ ಸುಮ್ನೆ ಗಾಬರಿ, ಮುಖ್ಯವಾದದ್ದೂ ಅದರಲ್ಲಿ ಮುಚ್ಚಿಹೋಗುತ್ತದೆ.

ನಾನು ಬರೆದ ಇಂಪ್ರೆಶನ್ ಎರಡೇ ಪಾಯಿಂಟ್. ಕೇಳಿದ ಪ್ರಶ್ನೆಗೆ ಉತ್ತರ ಮೊದಲು ಅಂತ ಕೆಲವರು ಹೇಳುತ್ತಾರೆ, ಆದರೆ ನಾನು ಗಂಟನ್ನೇ ಮೇಲೆ ಹಾಕಿದೆ. ಬಲ ಶ್ವಾಸಕೋಶದ ಗಂಟು 14 ತಿಂಗಳಲ್ಲಿ 6ರಿಂದ 9 ಮಿ.ಮೀ.ಗೆ ಬೆಳೆದಿದೆ, ಕ್ಯಾನ್ಸರ್ ಇರಬಹುದೆಂಬ ಅನುಮಾನವಿದೆ, ಎದೆಯ ಸಿಟಿ ಮಾಡಿಸಿ ಶ್ವಾಸಕೋಶ ತಜ್ಞರಿಗೆ ತೋರಿಸಬೇಕು. ಎರಡನೆಯದು ಕಲ್ಲು. ಆಮೇಲೆ ಯೂರಾಲಜಿಸ್ಟಿಗೆ ಫೋನ್ ಮಾಡಿ ಹೇಳಿದೆ, ಹೇಳಿದ ಹೊತ್ತನ್ನೂ ರಿಪೋರ್ಟಿನಲ್ಲೇ ಬರೆದೆ.

ಮಗ ಹಳೇ ರಿಪೋರ್ಟ್ ತಿರುಗಿಸಿ ನೋಡುತ್ತಾ, 'ಸಾರ್, ಇದು ಆಗಲೇ ಇತ್ತಾ?' ಅಂದ. ಆ ಕೊನೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.