ಟೋಟಲ್ ಸರಿ ಬಂದರೆ ಸಾಕಲ್ವಾ?

"ಸರ್, ಚಲನ್‌ನಲ್ಲಿ ಒಂದೇ ಮಾತ್ರೆಗೆ ಎರಡು ಬ್ಯಾಚ್ ಬಂದಿದೆ. ಸ್ಟಾಕ್ ಶೀಟಿನಲ್ಲಿ ಒಂದೇ ಸಾಲು ಹಾಕಿ ಟೋಟಲ್ ಬರೆದರೆ ಆಗುವುದಿಲ್ವಾ? ಟೋಟಲ್ ಹೇಗೂ ಟ್ಯಾಲಿ ಆಗ್ತದಲ್ಲ?"

ಸುರತ್ಕಲ್‌ನಿಂದ ಕುಂದಾಪುರದವರೆಗೆ, ಆಸ್ಪತ್ರೆಯ ಸ್ಟೋರ್ ನೋಡುವವರು ನನ್ನನ್ನು ಕೇಳುವುದು ಇದನ್ನೇ. ಆಗುವುದಿಲ್ಲ ಮಾರಾಯ್ರೆ. ಒಂದು ಬ್ಯಾಚಿಗೆ ಒಂದು ಸಾಲು. ಎರಡು ಬ್ಯಾಚ್ ಇದ್ದರೆ ಎರಡು ಸಾಲು, ಐದಿದ್ದರೆ ಐದು. ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ. ಟೋಟಲ್ ಸರಿಯಿದ್ದರೆ ಎಲ್ಲ ಸರಿ ಎಂಬ ನಂಬಿಕೆ ಅಷ್ಟು ಗಟ್ಟಿ. ಹಾಗಾಗಿ ಒಂದು ಲೆಕ್ಕ ಹಿಡಿದೇ ಹೇಳುತ್ತೇನೆ.

ಒಂದು ಚಲನ್‌ನಲ್ಲಿ ಮಾತ್ರೆಯ 30 ಬಾಕ್ಸ್ ಬಂತು ಅಂದುಕೊಳ್ಳಿ. ಕೆಳಗೆ ಸಣ್ಣ ಅಕ್ಷರದಲ್ಲಿ PT2417 ಬ್ಯಾಚಿನದ್ದು 18, PT2418 ಬ್ಯಾಚಿನದ್ದು 12 ಎಂದಿದೆ. ಟೆಂಪೋದವನಿಗೆ ಅವಸರ, ಹೊರಗೆ ಮಳೆ. ನೀವು 30 ಎಣಿಸಿ ಸಹಿ ಹಾಕಿದಿರಿ. ಒಳಗೆ ಬಂದು ಚಲನ್‌ನಲ್ಲಿ ಇದ್ದ ಹಾಗೆಯೇ 18, 12 ಎಂದು ಶೀಟಿಗೆ ಇಳಿಸಿದಿರಿ.

ನಿಜವಾಗಿ ಬಂದದ್ದು 16 ಮತ್ತು 14. ಹೀಗೆ ಆಗುವುದು ಹೆಚ್ಚಾಗಿ ಲೂಸ್ ಕಾರ್ಟನ್‌ನಲ್ಲಿ. ಕಂಪನಿಯಿಂದ ಸೀಲ್ ಆಗಿ ಬಂದ ಕಾರ್ಟನ್‌ನಲ್ಲಿ ಸಾಮಾನ್ಯವಾಗಿ ಒಂದೇ ಬ್ಯಾಚ್ ಇರುತ್ತದೆ. ಉಳಿದ ಬಾಕ್ಸ್‌ಗಳನ್ನು ಡೀಲರ್ ಗೋಡೌನಿನ ಹುಡುಗ ಕೈಯಲ್ಲಿ ತುಂಬುತ್ತಾನೆ. ಅಲ್ಲಿ ಎರಡು ಬಾಕ್ಸ್ ಆಚೀಚೆ ಆದರೆ ಟೋಟಲ್‌ಗೆ ಗೊತ್ತೇ ಆಗುವುದಿಲ್ಲ. 30 ಅಂದರೆ 30.

ಎರಡು ತಿಂಗಳ ಮೇಲೆ PT2418 ಬ್ಯಾಚನ್ನು ವಾಪಸ್ ಕಳಿಸಿ ಎಂದು ಕಂಪನಿಯಿಂದ ಕಾಗದ ಬರುತ್ತದೆ. ನಿಮ್ಮ ಶೀಟಿನಲ್ಲಿ 12 ಬಂದಿದೆ, 5 ವಾರ್ಡಿಗೆ ಹೋಗಿದೆ, 7 ಇರಬೇಕು. ಶೆಲ್ಫಿನಲ್ಲಿ ನೋಡಿದರೆ ಸರಿಯಾಗಿ 7 ಉಂಟು! ವಾರ್ಡಿನಿಂದ ಆ 5 ತರಿಸಿ, 12 ಕಟ್ಟಿ ಕಳಿಸಿ, ನೆಮ್ಮದಿಯಿಂದ ಚಾ ಕುಡಿಯುತ್ತೀರಿ. ಆದರೆ ಬಂದದ್ದು 14. ಇನ್ನೆರಡು ಬಾಕ್ಸ್ PT2417 ಎಂಬ ಹೆಸರಿನಲ್ಲಿ ಯಾವುದೋ ವಾರ್ಡಿಗೆ ಹೋಗಿ ಕೂತಿವೆ. ಶೀಟ್ ಅದನ್ನು ಯಾವತ್ತೂ ಹೇಳುವುದಿಲ್ಲ, ಯಾಕೆಂದರೆ ಶೀಟಿನ ಪ್ರಕಾರ ಎಲ್ಲವೂ ಟ್ಯಾಲಿ. ಒಂದೇ ಸಾಲಿನಲ್ಲಿ 30 ಬರೆದವರ ಗತಿ ಇನ್ನೂ ಕಷ್ಟ. ಅವರಿಗೆ ಎಷ್ಟು ಹುಡುಕಬೇಕು ಎಂಬುದೇ ತಿಳಿಯದು.

ಆದ್ದರಿಂದ ಶೀಟಿನಲ್ಲಿ ಎರಡು ಬೇರೆ ಕಾಲಂ ಇರಲಿ: ಚಲನ್‌ನಲ್ಲಿ ಬರೆದದ್ದು ಒಂದು, ಎಣಿಸಿದಾಗ ಸಿಕ್ಕಿದ್ದು ಇನ್ನೊಂದು. ಎರಡನೆಯದನ್ನು ಚಲನ್ ನೋಡಿ ತುಂಬಿಸಬಾರದು. ಬಾಕ್ಸ್‌ಗಳನ್ನು ಬ್ಯಾಚ್ ಪ್ರಕಾರ ಎರಡು ರಾಶಿ ಮಾಡಿ, ಒಂದೊಂದು ರಾಶಿ ಎಣಿಸಿ ಬರೆಯಿರಿ. ಮೇಲಿನ ಲೆಕ್ಕದಲ್ಲಿ ಆಗ ಒಂದು ಸಾಲಿನಲ್ಲಿ ಎರಡು ಕಮ್ಮಿ, ಇನ್ನೊಂದರಲ್ಲಿ ಎರಡು ಜಾಸ್ತಿ ಎಂದು ಕಣ್ಣಿಗೆ ಹೊಡೆಯುತ್ತದೆ. ಆ ವ್ಯತ್ಯಾಸವನ್ನು ಚಲನ್‌ನ ಎರಡೂ ಪ್ರತಿಗಳ ಮೇಲೆ ಬರೆದು, ಟೆಂಪೋದವನ ಸಹಿ ಹಾಕಿಸಿಕೊಳ್ಳಿ. ಅವನು ಹೋದ ಮೇಲೆ ಫೋನಿನಲ್ಲಿ ಜಗಳ ಮಾಡಿದರೂ ಪ್ರಯೋಜನ ಇಲ್ಲ.

ಇನ್ನು ಯಾರೂ ಕೇಳದ ಒಂದು ವಿಷಯ. ಇಷ್ಟೆಲ್ಲ ಸರಿಯಾಗಿ ಎಣಿಸಿದರೂ ಬ್ಯಾಚ್ ನಂಬರನ್ನು ಎಕ್ಸೆಲ್ ತಿಂದುಬಿಡುತ್ತದೆ. 24E017 ಎಂಬ ಬ್ಯಾಚ್ ಟೈಪ್ ಮಾಡಿ ನೋಡಿ. 2.40E+18 ಎಂದು ಕಾಣುತ್ತದೆ. ನಡುವಿನ E ಕಂಡು ಅದು ದೊಡ್ಡ ಸಂಖ್ಯೆ ಎಂದುಕೊಳ್ಳುತ್ತದೆ. 00412 ಹಾಕಿದರೆ ಮುಂದಿನ ಸೊನ್ನೆ ಹಾರಿ 412 ಉಳಿಯುತ್ತದೆ. ಆಮೇಲೆ ಕಾಲಂ ಅನ್ನು Text ಮಾಡಿದರೂ ಹೋದದ್ದು ಹೋಯಿತು, ವಾಪಸ್ ಬರುವುದಿಲ್ಲ. ಅದಕ್ಕೇ ಖಾಲಿ ಶೀಟಿನಲ್ಲಿ, ಏನೂ ಟೈಪ್ ಮಾಡುವ ಮೊದಲೇ, ಬ್ಯಾಚಿನ ಕಾಲಂ ಇಡೀ Text ಮಾಡಿಟ್ಟುಕೊಳ್ಳಿ.

ಹಳೆಯ ಶೀಟ್ ಹಾಳಾಗಿದೆಯಾ ಎಂದು ನೋಡಲು, ಬ್ಯಾಚ್ D ಕಾಲಂನಲ್ಲಿದ್ದರೆ, ಪಕ್ಕದಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=ISNUMBER(D2)
```

TRUE ಬಂದ ಸಾಲುಗಳ ಮೇಲೆ ಅನುಮಾನ ಇಡಿ. ಅವುಗಳ ಬ್ಯಾಚನ್ನು ಮತ್ತೆ ಟೈಪ್ ಮಾಡುವಾಗ ಚಲನ್‌ನ ಕಾರ್ಬನ್ ಪ್ರತಿ ನೋಡಬೇಡಿ. ಮಳೆಗಾಲದಲ್ಲಿ ಒದ್ದೆಯಾದ ಆ ಕಾಗದದಲ್ಲಿ 8 ಯಾವುದು, B ಯಾವುದು ಎಂದು ಬರೆದವನಿಗೂ ಗೊತ್ತಾಗುವುದಿಲ್ಲ. ಶೆಲ್ಫಿಗೆ ಹೋಗಿ ಸ್ಟ್ರಿಪ್ ತೆಗೆದು ನೋಡಿ.